ಲೈವ್ ಕೀ ಯಾರ ಕೈಯಲ್ಲಿದೆ?

ಕರಾವಳಿಯಲ್ಲಿ ಯಕ್ಷಗಾನದ ಬಯಲಾಟವನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸುವುದು ಈಗ ರೂಢಿಯ ಮಾತು. ಊರಲ್ಲಿ ಚೆಂಡೆ ಶುರುವಾಗುವ ಹೊತ್ತಿಗೆ ಮುಂಬೈಯಲ್ಲೋ ದುಬೈಯಲ್ಲೋ ಇರುವ ಊರಿನವರು ಫೋನಿನಲ್ಲಿ ಲಿಂಕ್ ತೆರೆದು ಕೂತಿರುತ್ತಾರೆ. ಚಾನೆಲ್ ದೇವಸ್ಥಾನದ ಸಮಿತಿಯದ್ದು. ಕ್ಯಾಮೆರಾ, ಲ್ಯಾಪ್‌ಟಾಪ್ ಪೇಟೆಯ ವಿಡಿಯೋದವರದ್ದು. ಅವರ ಲ್ಯಾಪ್‌ಟಾಪಿನಿಂದ ಹೊರಟ ದೃಶ್ಯ ಸಮಿತಿಯ ಚಾನೆಲ್ಲಿಗೇ ಹೋಗಿ ಸೇರಬೇಕಾದರೆ ಬೇಕಾಗುವುದು ಸ್ಟ್ರೀಮ್ ಕೀ. ಅದನ್ನು ಗ್ರೂಪಿಗೆ ಹಾಕಿ ‘ವಿಡಿಯೋದವರು ನೋಡಿಕೊಳ್ಳಿ’ ಎಂದುಬಿಡುವ ಸಮಿತಿಗಳಿಗಾಗಿಯೇ ಈ ಬರಹ.

ಸ್ಟ್ರೀಮ್ ಕೀ ಎಂದರೆ ಅಕ್ಷರ, ಅಂಕಿಗಳ ಒಂದು ಸಾಲು. ನಾಲ್ಕು ನಾಲ್ಕರ ಗುಂಪುಗಳಾಗಿ, ನಡುವೆ ಗೆರೆ ಹಾಕಿಕೊಂಡಿರುತ್ತದೆ. ಅದರ ಜತೆಗೆ ಒಂದು ಸರ್ವರ್ ವಿಳಾಸವೂ ಇರುತ್ತದೆ. ಎರಡೂ ಹೀಗೆ ಕಾಣುತ್ತವೆ (ಕೀ ಇಲ್ಲಿ ಮಾದರಿ ಮಾತ್ರ):

```
rtmps://a.rtmps.youtube.com/live2
abcd-1234-efgh-5678-ijkl
```

ವಿಳಾಸ ಎಲ್ಲರಿಗೂ ಒಂದೇ, ಅದರಲ್ಲಿ ಗುಟ್ಟಿಲ್ಲ. ಗುಟ್ಟಿರುವುದು ಎರಡನೆಯ ಸಾಲಿನಲ್ಲಿ. ದೃಶ್ಯ ಬಂದಾಗ ಯೂಟ್ಯೂಬ್ ನೋಡುವುದು ಆ ಕೀ ಒಂದನ್ನೇ. ಕಳಿಸುತ್ತಿರುವವರು ಯಾರು, ಎಲ್ಲಿದ್ದಾರೆ, ಸಮಿತಿಯ ಪಾಸ್‌ವರ್ಡ್ ಅವರಿಗೆ ಗೊತ್ತೇ ಎಂದು ಕೇಳುವುದಿಲ್ಲ. ಕೀ ಸಿಕ್ಕವರು ನಿಮ್ಮ ಖಾತೆಯೊಳಗೆ ಬರಲಾರರು, ಹಳೆಯ ವಿಡಿಯೋಗಳನ್ನು ಅಳಿಸಲಾರರು. ಆದರೆ ನಿಮ್ಮ ಚಾನೆಲ್ಲಿನ ಹೆಸರಲ್ಲಿ ತಮಗೆ ಬೇಕಾದ್ದನ್ನು ತೋರಿಸಬಲ್ಲರು. ಅದು ಬೇರೆಯವರ ಸಿನಿಮಾ ಆಗಿದ್ದರೂ ಅಸಭ್ಯ ದೃಶ್ಯವಾಗಿದ್ದರೂ ದೂರು, ಶಿಸ್ತುಕ್ರಮ ಬರುವುದು ಚಾನೆಲ್ಲಿನ ಮೇಲೆ.

ಈಗ ಒಂದು ಊರಿನ ಸಮಿತಿ ಶನಿವಾರ ರಾತ್ರಿಯ ಆಟವನ್ನು ಲೈವ್ ಕೊಡಬೇಕು ಎಂದುಕೊಳ್ಳೋಣ. ಚಾನೆಲ್ ಹಳೆಯದು, ಲೈವ್ ಮಾತ್ರ ಮೊದಲ ಸಲ. ಹಾಗಿದ್ದರೆ ಕೆಲಸ ಶುರುವಾಗಬೇಕಾದ್ದು ಗುರುವಾರಕ್ಕೇ. ಮೊದಲ ಸಲ ಲೈವ್ ಬೇಕೆಂದಾಗ ಯೂಟ್ಯೂಬ್ ಫೋನ್ ನಂಬರನ್ನು ಖಚಿತಪಡಿಸಿಕೊಳ್ಳುತ್ತದೆ, ಆಮೇಲೆ ಸೌಲಭ್ಯ ಸಿಗಲು 24 ಗಂಟೆವರೆಗೆ ಹಿಡಿಯಬಹುದು. ಶನಿವಾರ ಸಂಜೆ ಚೌಕಿಯ ಪಕ್ಕ ಕೂತು ಪರದಾಡಿದರೆ ಪ್ರಯೋಜನವಿಲ್ಲ.

ಸೌಲಭ್ಯ ಸಿಕ್ಕ ಮೇಲೆ ಸಮಿತಿಯವರೊಬ್ಬರು ತಮ್ಮದೇ ಕಂಪ್ಯೂಟರಿನಲ್ಲಿ ಯೂಟ್ಯೂಬ್ ಸ್ಟುಡಿಯೋ ತೆರೆದು `Create`, ಆಮೇಲೆ `Go live` ಒತ್ತಬೇಕು. ಅಲ್ಲಿ ಶನಿವಾರದ ಕಾರ್ಯಕ್ರಮವನ್ನು ಸಮಯ ಹಾಕಿ ನಿಗದಿ ಮಾಡಬಹುದು. ಕೀ ಆರಿಸುವ ಪಟ್ಟಿಯಲ್ಲಿ ಮೊದಲೇ ಒಂದು ಕೀ ಇರುತ್ತದೆ. ಅದನ್ನು ಬಿಡಿ. `Create new stream key` ಒತ್ತಿ, ‘ಶನಿವಾರದ ಆಟ’ ಎಂದೋ ಮತ್ತೇನೋ ಹೆಸರು ಕೊಟ್ಟು ಹೊಸದೊಂದನ್ನು ಮಾಡಿಕೊಳ್ಳಿ. ಹೊರಗಿನವರ ಕೈಗೆ ಹೋಗುವ ಕೀ ಆ ಒಂದು ಕಾರ್ಯಕ್ರಮಕ್ಕಷ್ಟೇ ಇರಬೇಕು. ಯಾವ ಕಾರ್ಯಕ್ರಮಕ್ಕೂ ಹೊಂದಿಸದ ಕೀಯಿಂದ ಏನು ಕಳಿಸಿದರೂ ಅದು ವೀಕ್ಷಕರಿಗೆ ಕಾಣುವುದಿಲ್ಲ. ಮುಂದಿನ ತಿಂಗಳ ಕಾರ್ಯಕ್ರಮಕ್ಕೆ ಬೇರೆ ಕೀ ಇಟ್ಟರೆ ಶನಿವಾರದ್ದು ಕೆಲಸಕ್ಕೆ ಬಾರದು.

ಅದೇ ಪುಟದಲ್ಲಿ ಇನ್ನೆರಡು ಗುಂಡಿಗಳಿವೆ. ಹೆಚ್ಚಿನವರು ಅವನ್ನು ಗಮನಿಸುವುದೇ ಇಲ್ಲ, ನನ್ನ ಲೆಕ್ಕದಲ್ಲಿ ಕೀಯಷ್ಟೇ ಮುಖ್ಯ ಅವು. `Auto-start` ಚಾಲೂ ಇದ್ದರೆ ದೃಶ್ಯ ಬಂದ ಕೂಡಲೇ ಪ್ರಸಾರ ಶುರುವಾಗುತ್ತದೆ. ಅದನ್ನು ಆರಿಸಿಡಿ. ಆಗ ಯಾರೇ ದೃಶ್ಯ ಕಳಿಸಿದರೂ ಅದು ಮೊದಲು ನಿಮ್ಮ ಪರದೆಯ ಪ್ರಿವ್ಯೂನಲ್ಲಿ ಮಾತ್ರ ಕಾಣುತ್ತದೆ. ನಮ್ಮದೇ ರಂಗಸ್ಥಳ, ನಮ್ಮದೇ ಆಟ ಎಂದು ನೋಡಿಕೊಂಡು ಸಮಿತಿಯವರು `Go live` ಒತ್ತಿದ ಮೇಲಷ್ಟೇ ಜನ ನೋಡುತ್ತಾರೆ. ವಿಡಿಯೋದವರು ಇನ್ನೂ ಲ್ಯಾಪ್‌ಟಾಪ್ ತೆರೆದೇ ಇಲ್ಲ, ಆದರೂ ಪ್ರಿವ್ಯೂನಲ್ಲಿ ಏನೋ ಓಡುತ್ತಿದೆ ಎಂದರೆ ಕೀ ಬೇರೆಯವರ ಕೈ ಸೇರಿದೆ ಎಂದೇ ಅರ್ಥ.

`Auto-stop` ವಿಚಾರ ಇಷ್ಟು ಸರಳವಲ್ಲ. ಅದು ಚಾಲೂ ಇದ್ದರೆ ದೃಶ್ಯ ಬರುವುದು ನಿಂತ ಸ್ವಲ್ಪ ಹೊತ್ತಿನಲ್ಲಿ ಪ್ರಸಾರವೇ ಮುಗಿದುಹೋಗುತ್ತದೆ. ಊರಿನ ನೆಟ್ ನಡುರಾತ್ರಿ ಕೈಕೊಟ್ಟರೆ ಎಲ್ಲರಿಗೂ ಹೊಸ ಲಿಂಕ್ ಹಂಚಬೇಕಾಗುತ್ತದೆ. ಆದ್ದರಿಂದ ಇಡೀ ರಾತ್ರಿಯ ಆಟಕ್ಕೆ ಅದನ್ನು ಆರಿಸಿಡುವುದೇ ಸರಿ. ಆದರೆ ಆಗ ಮುಗಿಸುವ ಹೊಣೆ ನಿಮ್ಮದು. ಬೆಳಗಿನ ಜಾವ ವಿಡಿಯೋದವರು ಲ್ಯಾಪ್‌ಟಾಪ್ ಮುಚ್ಚಿದರೂ ಸ್ಟುಡಿಯೋದಲ್ಲಿ `End stream` ಒತ್ತುವ ತನಕ ಪ್ರಸಾರ ತೆರೆದೇ ಇರುತ್ತದೆ, ಕೀ ಇದ್ದವರಿಗೆ ಅದೇ ಬಾಗಿಲು.

ಇನ್ನು ಕೀ ಕೊಡುವ ಬಗೆ. ಇಪ್ಪತ್ತು ಜನರ ಗ್ರೂಪಿಗೆ ಹಾಕಿದರೆ ಇಪ್ಪತ್ತು ಫೋನುಗಳಲ್ಲಿ ಉಳಿಯುತ್ತದೆ. ಕೆಲಸ ಮಾಡುವ ಒಬ್ಬರಿಗೆ ನೇರವಾಗಿ ಕಳಿಸಿ, ಅವರು ಹಾಕಿಕೊಂಡ ಮೇಲೆ ಆ ಸಂದೇಶವನ್ನು ಎರಡೂ ಕಡೆ ಅಳಿಸಿ. ಇದಕ್ಕೆ ಬದಲು ಚಾನೆಲ್ಲಿನ ಪಾಸ್‌ವರ್ಡನ್ನೇ ಕೊಟ್ಟುಬಿಡುವವರಿದ್ದಾರೆ. ದಯವಿಟ್ಟು ಬೇಡ. ಕೀ ಹೋದರೆ ಬದಲಾಯಿಸಬಹುದು, ಪಾಸ್‌ವರ್ಡ್ ಹೋದರೆ ಚಾನೆಲ್ಲೇ ಹೋಗಬಹುದು. ಸಮಿತಿಯ ಖಾತೆಯನ್ನು ವಿಡಿಯೋದವರ ಲ್ಯಾಪ್‌ಟಾಪಿಗೆ ಜೋಡಿಸುವುದೂ ಹಾಗೆಯೇ. ಆ ಜೋಡಣೆ ಆಟ ಮುಗಿದ ಮೇಲೂ ಅಲ್ಲೇ ಉಳಿಯುತ್ತದೆ.

ವಿಡಿಯೋದವರು ಸಾಮಾನ್ಯವಾಗಿ ಬಳಸುವುದು ಓಬಿಎಸ್ ಸ್ಟುಡಿಯೋ ಎಂಬ ಉಚಿತ ತಂತ್ರಾಂಶ. ಅದರ `Settings`ನಲ್ಲಿ `Stream` ಎಂಬಲ್ಲಿ `YouTube - RTMPS` ಆರಿಸಿ ಕೀ ಅಂಟಿಸಬೇಕು. ಕೊನೆಯ `S` ಇರಲೇಬೇಕು. ಅದಿಲ್ಲದ ಹಳೆಯ `RTMP` ವಿಧಾನದಲ್ಲಿ ಕೀ ಮತ್ತು ದೃಶ್ಯ ಎರಡೂ ಮುಸುಕಿಲ್ಲದೆ ಹೋಗುತ್ತವೆ, ಸಭಾಭವನದ ವೈಫೈಯಲ್ಲಿ ಕದ್ದು ನೋಡಬಲ್ಲವರಿಗೆ ಅವು ಸಿಗುತ್ತವೆ. ಹಾಕಿದ ಕೀ ಪರದೆಯಲ್ಲಿ ಚುಕ್ಕಿಗಳಾಗಿ ಕಾಣುತ್ತದೆ. ಪಕ್ಕದ `Show` ಒತ್ತಿದರೆ ಬಯಲಾಗುತ್ತದೆ. ಲೈವ್ ಹೋಗುತ್ತಿಲ್ಲವೆಂದು ಅದನ್ನು ಒತ್ತಿ, ಸ್ಕ್ರೀನಿನ ಫೋಟೋ ತೆಗೆದು ‘ಯಾರಾದರೂ ಹೇಳಿ, ಏನು ತಪ್ಪು?’ ಎಂದು ಹತ್ತು ಜನಕ್ಕೆ ಕಳಿಸಿದರೆ ಕೀಯನ್ನು ಹಂಚಿದಂತೆಯೇ. ‘ತೆರೆಮರೆಯ ನೋಟ’ವೆಂದು ಲ್ಯಾಪ್‌ಟಾಪಿನ ರೀಲ್ಸ್ ಮಾಡುವಾಗಲೂ ಇದೇ ಎಚ್ಚರ ಬೇಕು.

ಆ ಚುಕ್ಕಿಗಳ ಮರೆ ಇರುವುದು ಪರದೆಯ ಮೇಲೆ ಮಾತ್ರ. ಲ್ಯಾಪ್‌ಟಾಪಿನೊಳಗೆ ಓಬಿಎಸ್ ತನ್ನ ಪ್ರೊಫೈಲ್ ಫೋಲ್ಡರಿನ `service.json` ಎಂಬ ಕಡತದಲ್ಲಿ ಕೀಯನ್ನು ಇದ್ದದ್ದು ಇದ್ದ ಹಾಗೆ ಬರೆದಿಡುತ್ತದೆ. ‘ನಿಮ್ಮ ಸೆಟ್ಟಿಂಗ್ ಚೆನ್ನಾಗಿದೆ, ನಮಗೂ ಕೊಡಿ’ ಎಂದವರಿಗೆ ಆ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ ಕೊಟ್ಟರೆ ಕೀ ಕೂಡ ಹೋಗುತ್ತದೆ. ವಿಡಿಯೋದವರು ಎಷ್ಟೇ ಪ್ರಾಮಾಣಿಕರಾದರೂ ಅವರ ಲ್ಯಾಪ್‌ಟಾಪಿನಲ್ಲಿ ಹಳೆಯ ಕೀ ಉಳಿಯುತ್ತದೆಂದೇ ಲೆಕ್ಕ ಹಾಕಬೇಕು. ಆ ಲ್ಯಾಪ್‌ಟಾಪ್ ನಾಳೆ ರಿಪೇರಿಗೆ ಹೋಗಬಹುದು, ಮಾರಾಟವೂ ಆಗಬಹುದು.

ಶುಕ್ರವಾರ ಒಮ್ಮೆ ಪರೀಕ್ಷಿಸಿ. ಅದಕ್ಕೆಂದು ಬೇರೊಂದು ಪ್ರಸಾರ ಮಾಡಿ, ಯಾರು ನೋಡಬಹುದು ಎಂಬಲ್ಲಿ `Private` ಇಟ್ಟು, ಅದೇ ಕೀಯಿಂದ ಕೆಲವು ನಿಮಿಷ ಕಳಿಸಿ ನೋಡಿದರೆ ಸಾಕು. ಏನೂ ಬಾರದಿದ್ದರೆ ಮೊದಲು ನೋಡಬೇಕಾದ್ದು ಕೀ ಪೂರ್ತಿ ಅಂಟಿದೆಯೇ, ಹಿಂದೆ ಮುಂದೆ ಖಾಲಿ ಜಾಗ ಸೇರಿದೆಯೇ, ಸ್ಟುಡಿಯೋದಲ್ಲಿ ಬೇರೆ ಕೀ ಆರಿಸಿಬಿಟ್ಟಿದ್ದೀರಾ ಎಂಬುದನ್ನು.

ಆಟದ ನಡುವೆ ಪರದೆಯಲ್ಲಿ ನಿಮ್ಮದಲ್ಲದ ದೃಶ್ಯ ಬಂದರೆ ವಿಡಿಯೋದವರನ್ನು ಹುಡುಕಿಕೊಂಡು ಓಡಬೇಡಿ. ಸ್ಟುಡಿಯೋದಲ್ಲಿ `End stream` ಒತ್ತಿ ಪ್ರಸಾರ ನಿಲ್ಲಿಸಿ. ಆಮೇಲೆ ಹೊಸ ಕೀ ಮಾಡಿ, ಹೊಸ ಪ್ರಸಾರ ತೆರೆದು, ಆ ಕೀಯನ್ನು ಓಬಿಎಸ್‌ಗೆ ಹಾಕಿಸಿ, ಹೊಸ ಲಿಂಕ್ ಹಂಚಿ. ಲಿಂಕ್ ಬದಲಾದದ್ದಕ್ಕೆ ನಾಲ್ಕು ಜನ ಗೊಣಗಬಹುದು, ಗೊಣಗಲಿ.

ಏನೂ ಆಗದೆ ಮಂಗಳ ಹಾಡಿ ಮುಗಿದರೂ ಕೀಯನ್ನು ಹಾಗೇ ಬಿಡಬೇಡಿ. ಪ್ರಸಾರ ಕೊನೆಗೊಂಡಿದೆಯೆಂದು ನೋಡಿಕೊಂಡು, ಕೀ ಪಕ್ಕದ `Reset` ಒತ್ತಿ. ಆ ಕ್ಷಣದಿಂದ ಹಳೆಯ ಕೀ ಯಾರ ಲ್ಯಾಪ್‌ಟಾಪಿನಲ್ಲಿದ್ದರೂ ನಡೆಯುವುದಿಲ್ಲ. ಸಮಿತಿಯ ಕೆಲಸದ ಪಟ್ಟಿಯಲ್ಲಿ ಶಾಮಿಯಾನ, ಜನರೇಟರುಗಳ ಲೆಕ್ಕ ಚುಕ್ತಾ ಮಾಡುವ ಸಾಲಿನ ಕೆಳಗೆ ಇದನ್ನೂ ಒಂದು ಸಾಲಾಗಿ ಬರೆದಿಟ್ಟುಕೊಳ್ಳಿ, ಯಾರು ಮಾಡಬೇಕೆಂದು ಹೆಸರನ್ನೂ ಸೇರಿಸಿ.