ಸಂಬಳ ಬಂದು ಕಂತು ಹೋಗುವ ಮುನ್ನ

ತಿಂಗಳ 27ರಂದು ಖಾತೆಯಿಂದ 199 ರೂಪಾಯಿ ಕಡಿತವಾಗಬೇಕಿತ್ತು, ಖಾತೆಯಲ್ಲಿ ಇದ್ದದ್ದು 112 ರೂಪಾಯಿ ಎಂದುಕೊಳ್ಳಿ. ಹಾಡು ಕೇಳುವ ಆಪ್‌ನದೋ, ಪತ್ರಿಕೆಯ ಡಿಜಿಟಲ್ ಆವೃತ್ತಿಯದೋ ಚಂದಾ ನವೀಕರಣ ಅಲ್ಲಿಗೆ ನಿಂತುಹೋಗುತ್ತದೆ. ಆ ಚಂದಾದಾರರಿಗೆ ಚಂದಾ ಬಿಡುವ ಮನಸ್ಸೇನೂ ಇಲ್ಲ. ಸಂಬಳಕ್ಕೆ ಇನ್ನೂ ನಾಲ್ಕು ದಿನ ಇದೆ, ಅಷ್ಟೇ. ಈಗ ಕಂಪನಿ ಮರುದಿನವೇ ಮತ್ತೆ ಕೇಳಬೇಕೆ, ಕಾಯಬೇಕೆ? ಹೀಗೆ ತಪ್ಪಿಹೋದ ಪಾವತಿಯನ್ನು ಯಾವ ದಿನ, ಯಾವ ಹೊತ್ತಿನಲ್ಲಿ, ಎಷ್ಟು ಸಲ ಮತ್ತೆ ಪ್ರಯತ್ನಿಸಬೇಕು, ನಡುವೆ ಗ್ರಾಹಕರಿಗೆ ಏನು ತಿಳಿಸಬೇಕು ಎಂಬ ವೇಳಾಪಟ್ಟಿಗೆ ಚಂದಾ ವ್ಯವಹಾರದಲ್ಲಿರುವವರು ಡನ್ನಿಂಗ್ ಎನ್ನುತ್ತಾರೆ.

ಎಷ್ಟು ಸಲ ಬೇಕಾದರೂ ಕೇಳಬಹುದಾಗಿದ್ದರೆ ಇದರಲ್ಲಿ ಯೋಚಿಸುವುದಕ್ಕೆ ಹೆಚ್ಚೇನೂ ಇರುತ್ತಿರಲಿಲ್ಲ. ಆದರೆ ಪ್ರಯತ್ನಗಳಿಗೆ ಮಿತಿ ಇದೆ. ಯುಪಿಐ ಆಟೋಪೇ ಮೂಲಕ ನಡೆಯುವ ಕಡಿತಕ್ಕೆ ಎನ್‌ಪಿಸಿಐ 2025ರ ಆಗಸ್ಟ್ 1ರಿಂದ ಹೊಸ ಕಟ್ಟುಪಾಡು ತಂದಿದೆ: ಒಂದು ಕಡಿತಕ್ಕೆ ಒಂದು ಪ್ರಯತ್ನ, ಅದು ವಿಫಲವಾದರೆ ಗರಿಷ್ಠ ಮೂರು ಮರುಪ್ರಯತ್ನ. ಅದೂ ದಟ್ಟಣೆಯಿಲ್ಲದ ಹೊತ್ತಿನಲ್ಲಿ, ಅಂದರೆ ಬೆಳಿಗ್ಗೆ 10ರ ಮುನ್ನ, ಮಧ್ಯಾಹ್ನ 1ರಿಂದ 5ರವರೆಗೆ, ಇಲ್ಲವೇ ರಾತ್ರಿ 9.30ರ ನಂತರ. ಕಾರ್ಡುಗಳಲ್ಲಿ ಅವಕಾಶ ಹೆಚ್ಚು. ವೀಸಾ 30 ದಿನಗಳಲ್ಲಿ 15 ಮರುಪ್ರಯತ್ನಗಳವರೆಗೆ ಬಿಡುತ್ತದೆ. ಆಟೋಪೇಯಲ್ಲಿ ಕೈಯಲ್ಲಿರುವುದು ಒಟ್ಟು ನಾಲ್ಕೇ ಆದ್ದರಿಂದ ಒಂದೊಂದನ್ನೂ ಎಲ್ಲಿ ಖರ್ಚು ಮಾಡುತ್ತೀರಿ ಎಂಬುದರ ಮೇಲೆ ವಸೂಲಿ ನಿಂತಿದೆ.

ದಿನ ಗೊತ್ತುಮಾಡುವ ಮೊದಲು ಪಾವತಿ ಏಕೆ ತಪ್ಪಿತು ಎಂದು ನೋಡಬೇಕು. ಬ್ಯಾಂಕಿನ ಸರ್ವರ್ ಆ ಗಳಿಗೆಯಲ್ಲಿ ಸಿಗದೆ ತಪ್ಪಿದ್ದರೆ ದಿನಗಟ್ಟಲೆ ಕಾಯುವುದರಲ್ಲಿ ಅರ್ಥವಿಲ್ಲ. ಬೆಳಿಗ್ಗೆ ತಪ್ಪಿದ್ದನ್ನು ಮಧ್ಯಾಹ್ನದ ಅವಧಿಯಲ್ಲೇ ಮತ್ತೆ ಕಳಿಸಬಹುದು. ಗ್ರಾಹಕರೇ ಮ್ಯಾಂಡೇಟ್ ರದ್ದು ಮಾಡಿದ್ದರೆ, ಖಾತೆ ಮುಚ್ಚಿದ್ದರೆ, ಕಾರ್ಡು ಕಳವಾಗಿದೆ ಎಂದು ಬ್ಯಾಂಕು ಹೇಳಿದರೆ ಮರುಪ್ರಯತ್ನವೇ ಬೇಡ. ಅಲ್ಲಿ ಬೇಕಾದದ್ದು ಗ್ರಾಹಕರಿಗೆ ಒಂದು ಸಂದೇಶ ಮತ್ತು ಹೊಸದಾಗಿ ಹಣ ಕಟ್ಟುವ ಲಿಂಕ್. ಉಳಿಯುವುದು ಮೂರನೆಯ ಬಗೆ: ಖಾತೆಯಲ್ಲಿ ಹಣ ಸಾಲದು. ಯುಪಿಐನಲ್ಲಿ ಇದು `Z9` ಎಂಬ ಸಂಕೇತವಾಗಿ ಬರುತ್ತದೆ, ಕಾರ್ಡಿನಲ್ಲಿ `51`. ದಿನದ ಆಯ್ಕೆ ನಿಜವಾಗಿ ಕೆಲಸಕ್ಕೆ ಬರುವುದು ಈ ಗುಂಪಿನಲ್ಲಿ.

ಮತ್ತೆ ಆ 27ನೇ ತಾರೀಖಿಗೆ ಬರೋಣ. ಬೆಳಿಗ್ಗೆ ಎಂಟಕ್ಕೆ `Z9` ಬಂತು. ತಂತ್ರಾಂಶದಲ್ಲಿ ದಿನಕ್ಕೊಂದು ಮರುಪ್ರಯತ್ನ ಎಂದು ಬರೆದಿಟ್ಟಿದ್ದರೆ ಅದು 28, 29, 30ರಂದು ಕೇಳುತ್ತದೆ. ಅಲ್ಲಿಗೆ ನಾಲ್ಕೂ ಮುಗಿದವು, ಸಂಬಳ ಇನ್ನೂ ಬಂದಿಲ್ಲ. ಖಾಲಿ ಇದ್ದ ಖಾತೆಯನ್ನೇ ನಾಲ್ಕು ಸಲ ತಟ್ಟಿ, ತುಂಬುವ ಹೊತ್ತಿಗೆ ಕೈಚೆಲ್ಲಿದಂತಾಯಿತು. ಇದು ಬಹಳ ಸಾಮಾನ್ಯವಾದ ತಪ್ಪು. ವಿಫಲವಾದ ದಿನದಿಂದ ಇಷ್ಟು ದಿನ ಎಂದು ಎಣಿಸುವ ಬದಲು ಕ್ಯಾಲೆಂಡರಿನ ತಾರೀಖು ನೋಡಿದರೆ ಚಿತ್ರವೇ ಬದಲಾಗುತ್ತದೆ.

ಅನೇಕ ಕಡೆ ಸಂಬಳ ತಿಂಗಳ ಕೊನೆಯ ದಿನವೋ ಒಂದನೇ ತಾರೀಖೋ ಬೀಳುತ್ತದೆ. 2019ರ ವೇತನ ಸಂಹಿತೆಯ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಸಿಗಬೇಕು. ಸಂಬಳವನ್ನು ಸಾಮೂಹಿಕವಾಗಿ ಜಮೆ ಮಾಡುವ ನ್ಯಾಚ್ ವ್ಯವಸ್ಥೆ 2021ರ ಆಗಸ್ಟ್‌ನಿಂದ ವಾರದ ಏಳೂ ದಿನ ನಡೆಯುತ್ತಿರುವುದರಿಂದ ಒಂದನೇ ತಾರೀಖು ಭಾನುವಾರ ಬಂದರೂ ಹಣ ಜಮೆಯಾಗಬಹುದು. ಆದರೆ ಬಂದ ಹಣ ಅಲ್ಲೇ ಕೂತಿರುವುದಿಲ್ಲ. ಮನೆ ಬಾಡಿಗೆ ಹೋಗುತ್ತದೆ, 5ನೇ ತಾರೀಖಿನ ಸುಮಾರಿಗೆ ಸಾಲದ ಕಂತುಗಳು ಹೋಗುತ್ತವೆ. ಸಂಬಳ ಬಂದ ಮೇಲೆ, ಕಂತು ಹೋಗುವ ಮುನ್ನ, ನಡುವೆ ಎರಡು ಮೂರು ದಿನಗಳ ಕಿಂಡಿಯೊಂದಿದೆ. ಮರುಪ್ರಯತ್ನ ಬೀಳಬೇಕಾದದ್ದು ಅಲ್ಲಿ.

ಹಾಗಾಗಿ 27ರ ವೈಫಲ್ಯಕ್ಕೆ ನಾನು ಹೀಗೆ ವೇಳಾಪಟ್ಟಿ ಹಾಕುತ್ತೇನೆ. ಮೊದಲ ಮರುಪ್ರಯತ್ನ 1ನೇ ತಾರೀಖಿನ ರಾತ್ರಿ 9.30ರ ನಂತರ, ಬೆಳಿಗ್ಗೆ ಕೇಳಿದರೆ ಆ ದಿನದ ಸಂಬಳ ಇನ್ನೂ ಜಮೆಯಾಗಿರದೇ ಇರಬಹುದು. ಎರಡನೆಯದು 3ರ ಬೆಳಿಗ್ಗೆ, ಕಂತುಗಳಿಗಿಂತ ಮುಂಚೆ. ಕೊನೆಯದು 7ರ ರಾತ್ರಿ, ತಡವಾಗಿ ಸಂಬಳ ಪಡೆಯುವವರಿಗಾಗಿ. ಎರಡೂ ಪಟ್ಟಿಗಳಲ್ಲಿ ಇರುವುದು ಅವೇ ನಾಲ್ಕು ಪ್ರಯತ್ನ. ಅಂಗಡಿ ನಡೆಸುವವರು, ಆಟೊ ಓಡಿಸುವವರು ಹೆಚ್ಚಿರುವ ಸೇವೆಗೆ ಈ ಪಟ್ಟಿ ಹೊಂದುವುದಿಲ್ಲ. ಅವರ ಹಣ ದಿನವಿಡೀ ಬಂದು ಮರುದಿನ ಬೆಳಿಗ್ಗೆ ಸರಕಿಗೋ ಇಂಧನಕ್ಕೋ ಹೋಗುತ್ತದೆ. ಅವರಿಗೆ ತಾರೀಖಿಗಿಂತ ರಾತ್ರಿಯ ಅವಧಿ ಮುಖ್ಯ.

ಕಷ್ಟದ್ದು ತಿಂಗಳ ಮಧ್ಯದ ವೈಫಲ್ಯ. 12ರಂದು ತಪ್ಪಿದ್ದಕ್ಕೆ 1ನೇ ತಾರೀಖಿನವರೆಗೆ ಕಾಯುವುದು ದೀರ್ಘವಾಯಿತು. ಮೊತ್ತ 199 ಆಗಿದ್ದರೆ ಎರಡು ಮೂರು ದಿನ ಬಿಟ್ಟು ಒಮ್ಮೆ ನೋಡಬಹುದು, ಯಾರೋ ಕಳಿಸಿದ ಸಣ್ಣ ಹಣವೂ ಸಾಕಾಗುತ್ತದೆ. ಒಂದು ವಾರ ಬಿಟ್ಟು ಇನ್ನೊಮ್ಮೆ. ಕೊನೆಯದನ್ನು ಮಾತ್ರ ತಿಂಗಳ ಆರಂಭಕ್ಕೆ ಉಳಿಸಿಕೊಳ್ಳಬೇಕು. ವರ್ಷದ ಚಂದಾ 1,999 ಆಗಿದ್ದರೆ ತಿಂಗಳ ನಡುವೆ ಕೇಳುವುದರಿಂದ ಫಲ ಕಡಿಮೆ. ಇದಕ್ಕಿಂತಲೂ ಒಳ್ಳೆಯದೆಂದರೆ ಮ್ಯಾಂಡೇಟ್ ಮಾಡಿಸುವಾಗಲೇ ಎಚ್ಚರ ವಹಿಸುವುದು. ಯುಪಿಐ ಮ್ಯಾಂಡೇಟನ್ನು ನಿಗದಿತ ದಿನದಂದೇ ಕಡಿತ ಎಂದೂ ಬರೆಯಿಸಬಹುದು, ಆ ದಿನದ ನಂತರವೂ ಆಗಬಹುದು ಎಂದೂ ಬರೆಯಿಸಬಹುದು. ಮೊದಲನೆಯ ರೀತಿಯಲ್ಲಿ ಬರೆಯಿಸಿದ್ದರೆ ಎಂಥ ಒಳ್ಳೆಯ ವೇಳಾಪಟ್ಟಿಯೂ ಉಪಯೋಗಕ್ಕೆ ಬಾರದು.

ಕಾಯುವ ಈ ದಿನಗಳಲ್ಲಿ ಸೇವೆ ನಿಲ್ಲಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾಡನ್ನೋ ಲೇಖನವನ್ನೋ ಹತ್ತು ದಿನ ಹೆಚ್ಚಿಗೆ ಕೊಟ್ಟರೆ ಕಂಪನಿಗೆ ಖರ್ಚು ಅಲ್ಪ. ಮೊದಲ ದಿನವೇ ಬಾಗಿಲು ಮುಚ್ಚಿದರೆ ಆ ಸೇವೆಯಿಲ್ಲದೆ ಇರುವುದನ್ನು ಗ್ರಾಹಕರು ರೂಢಿಸಿಕೊಳ್ಳುತ್ತಾರೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ನವೀಕರಣದ ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಸೂಚನೆ ಹೋಗಲೇಬೇಕು. ಮರುಪ್ರಯತ್ನಕ್ಕೂ ಇದೇ ಮರ್ಯಾದೆ ಇರಲಿ: 1ರ ರಾತ್ರಿ 199 ರೂಪಾಯಿ ಕಡಿತವಾಗಲಿದೆ, ಈಗಲೇ ಕಟ್ಟುವುದಾದರೆ ಲಿಂಕ್ ಇಲ್ಲಿದೆ, ಬೇಡವಾದರೆ ಇಲ್ಲಿ ನಿಲ್ಲಿಸಬಹುದು. ಹೇಳದೆ ಕೇಳದೆ ಹಣ ತೆಗೆದ ಹಾಗೆ ಗ್ರಾಹಕರಿಗೆ ಅನಿಸಬಾರದು.

ಯಾವ ವೇಳಾಪಟ್ಟಿ ಹೆಚ್ಚು ತಂದಿತು ಎಂದು ಅಳೆಯುವಲ್ಲಿಯೂ ಮೋಸಹೋಗುವುದು ಸುಲಭ. ಕಳೆದ ತಿಂಗಳಿಗಿಂತ ಈ ತಿಂಗಳು ಹೆಚ್ಚು ಬಂತು ಎಂಬುದು ಸಾಕ್ಷಿಯಲ್ಲ. ಹಬ್ಬದ ಬೋನಸ್ ಬಂದಿರಬಹುದು. `Z9` ಬಂದವರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಹಳೆಯ ಪಟ್ಟಿ, ಇನ್ನೊಂದಕ್ಕೆ ಹೊಸದು ನಡೆಸಬೇಕು. ಲೆಕ್ಕಕ್ಕಾಗಿ ಒಂದು ಕಲ್ಪಿತ ಉದಾಹರಣೆ: 500 ಜನರ ಎರಡು ಗುಂಪು. ದಿನಕ್ಕೊಮ್ಮೆ ಕೇಳಿದ ಗುಂಪಿನಲ್ಲಿ 210 ಜನರ ಹಣ ಬಂತು, ತಾರೀಖು ನೋಡಿ ಕೇಳಿದ ಗುಂಪಿನಲ್ಲಿ 260. ಐವತ್ತು ಹೆಚ್ಚು. ಆದರೆ ಎರಡು ತಿಂಗಳ ಮೇಲೆ ಮತ್ತೆ ನೋಡಿದಾಗ ಮೊದಲ ಗುಂಪಿನಲ್ಲಿ 190 ಜನ, ಎರಡನೆಯದರಲ್ಲಿ 195 ಜನ ಉಳಿದಿದ್ದರೆ ನಿಂತ ಲಾಭ ಐದೇ. ಹಾಗಾದಾಗ ಬಿಟ್ಟುಹೋದವರ ಹಣ ಎಷ್ಟನೇ ಪ್ರಯತ್ನದಲ್ಲಿ ಬಂದಿತ್ತು ಎಂದು ಹುಡುಕಬೇಕು. ಅವರಲ್ಲಿ ಹೆಚ್ಚಿನವರದು 7ರ ರಾತ್ರಿಯದಾಗಿದ್ದರೆ ಅವರು ಚಂದಾವನ್ನು ಮನಸ್ಸಿನಲ್ಲಿ ಆಗಲೇ ಬಿಟ್ಟಿದ್ದರು ಎನ್ನಬಹುದು. ಆ ಕೊನೆಯ ಪ್ರಯತ್ನವನ್ನು ಕೈಬಿಟ್ಟು, ಅದರ ಜಾಗದಲ್ಲಿ ಮುಂದುವರಿಸುವಿರಾ ಎಂದು ಕೇಳುವ ಸಂದೇಶವೊಂದನ್ನು ಇಟ್ಟು ಮುಂದಿನ ತಿಂಗಳು ಮತ್ತೆ ಎರಡು ಗುಂಪು ಮಾಡಿ ನೋಡಬೇಕು.