ಹಾಸನದ ಕಾಫಿ ಕೊಲಂಬೊ ಸುತ್ತಿ ಹೋಗುವುದೇಕೆ?

ಹಾಸನದ ಕ್ಯೂರಿಂಗ್ ಘಟಕದಲ್ಲಿ ಸಂಸ್ಕರಣೆಗೊಂಡ ಕಾಫಿ ಬೀಜವು 60 ಕೆ.ಜಿ.ಯ 320 ಚೀಲಗಳಾಗಿ 20 ಅಡಿಯ ಒಂದು ಕಂಟೇನರ್ ತುಂಬುತ್ತದೆ. ತೂಕ 19.2 ಟನ್. ಶಿರಾಡಿ ಘಾಟಿಯಿಳಿದು ನವಮಂಗಳೂರು ಬಂದರು ಸೇರುವ ಈ ಕಂಟೇನರ್, ಭಾರತೀಯ ಕಾಫಿಯ ಅತಿ ದೊಡ್ಡ ಗ್ರಾಹಕನಾದ ಇಟಲಿಗೆ ಸಾಮಾನ್ಯವಾಗಿ ನೇರವಾಗಿ ಹೋಗುವುದಿಲ್ಲ. ಮೊದಲು ಸಣ್ಣ 'ಫೀಡರ್' ಹಡಗಿನಲ್ಲಿ ಕೊಲಂಬೊದಂಥ ಬಂದರಿಗೆ ಸಾಗಿ, ಅಲ್ಲಿ ಇಳಿದು, ಯುರೋಪಿನತ್ತ ಹೊರಡುವ 'ಮದರ್ ಶಿಪ್' ಏರುತ್ತದೆ.

ಈ ಸುತ್ತುಬಳಸಿನ ಹಿಂದೆ ಸರಳ ಲೆಕ್ಕವೊಂದಿದೆ. ಭಾರತದ ಐದು ಬಂದರುಗಳಿಂದ ಯುರೋಪಿನ ಆರು ಬಂದರುಗಳಿಗೆ ನೇರ ಸಂಚಾರವಿರಬೇಕಾದರೆ 30 ಮಾರ್ಗಗಳು ಬೇಕು. ನಡುವೆ ಒಂದು ಕೇಂದ್ರ ಬಂದರಿದ್ದರೆ 11 ಮಾರ್ಗಗಳೇ ಸಾಕು. ಮಾರ್ಗ ಕಡಿಮೆಯಾದಂತೆ ಪ್ರತಿ ಹಡಗಿಗೂ ಸರಕು ಹೆಚ್ಚು ಸಿಗುತ್ತದೆ. ಹಡಗು ದೊಡ್ಡದಾದಂತೆ ಪ್ರತಿ ಕಂಟೇನರಿನ ಸಾಗಣೆ ವೆಚ್ಚ ಇಳಿಯುತ್ತದೆ.

ಹಾಗಾದರೆ ಮಂಗಳೂರೇ ಆ ಕೇಂದ್ರ ಏಕಾಗಲಿಲ್ಲ? ಮೊದಲ ಕಾರಣ ಸ್ಥಾನ. ಏಷ್ಯಾ-ಯುರೋಪ್ ಹಡಗು ಮಾರ್ಗ ಶ್ರೀಲಂಕಾದ ದಕ್ಷಿಣ ತುದಿಯ ಸಮೀಪವೇ ಹಾಯುತ್ತದೆ. ಕೇರಳದ ವಿಳಿಂಜಂಗಿಂತ ಮಂಗಳೂರು ಸುಮಾರು 500 ಕಿ.ಮೀ. ಉತ್ತರದಲ್ಲಿದೆ, ಬೃಹತ್ ಹಡಗು ಅಷ್ಟು ದೂರ ತಿರುಗಿ ಬರಬೇಕಾದರೆ ಅದಕ್ಕೆ ತಕ್ಕ ಸರಕು ಅಲ್ಲಿ ಕಾದಿರಬೇಕು. ಎರಡನೆಯದು ಆಳ. ಕೊಲಂಬೊದಲ್ಲಿ 2013ರಲ್ಲಿ ಆರಂಭವಾದ ಟರ್ಮಿನಲ್ 18 ಮೀಟರ್ ಆಳ ಹೊಂದಿದೆ.

ಮೂರನೆಯ ಕಾರಣ ಒಟ್ಟುಗೂಡುವಿಕೆ. ಫೀಡರುಗಳು ಹೆಚ್ಚಿರುವಲ್ಲಿಗೆ ಮದರ್ ಶಿಪ್‌ಗಳು ಬರುತ್ತವೆ. ಅವು ಬರುವಲ್ಲಿಗೆ ಇನ್ನಷ್ಟು ಫೀಡರುಗಳು ಬರುತ್ತವೆ. ಒಮ್ಮೆ ಹೀಗೆ ನೆಲೆಯೂರಿದ ಬಂದರನ್ನು ಕದಲಿಸುವುದು ಕಷ್ಟ. 2011ರಲ್ಲಿ ಕೇಂದ್ರ ಬಂದರಾಗಲೆಂದೇ ಆರಂಭಗೊಂಡ ಕೊಚ್ಚಿಯ ವಲ್ಲಾರ್‌ಪಾಡಂ, ಹೂಳೆತ್ತುವ ನಿರಂತರ ವೆಚ್ಚ ಹೊತ್ತೂ ಕೊಲಂಬೊವಿನ ಸ್ಥಾನ ಪಡೆಯಲಾಗಲಿಲ್ಲ. ಸಹಜ ಆಳವುಳ್ಳ, ಹಡಗು ಮಾರ್ಗಕ್ಕೆ ಹತ್ತಿರವಿರುವ ವಿಳಿಂಜಂ 2024ರ ಡಿಸೆಂಬರ್‌ನಲ್ಲಿ ವಾಣಿಜ್ಯ ಕಾರ್ಯಾಚರಣೆ ಆರಂಭಿಸಿರುವುದು ಈ ಕಾರಣಕ್ಕೇ ಗಮನಾರ್ಹ.

ಈ ವ್ಯವಸ್ಥೆಯ ದುರ್ಬಲ ಕೊಂಡಿ ಹಡಗು ಬದಲಾವಣೆ. 2018ರ ಆಗಸ್ಟ್‌ನಲ್ಲಿ ಆದಂತೆ ಭೂಕುಸಿತದಿಂದ ಶಿರಾಡಿ ಮಾರ್ಗ ಬಂದ್ ಆದರೆ ಫೀಡರ್ ತಪ್ಪುತ್ತದೆ. ಫೀಡರ್ ತಡವಾದರೆ ಮದರ್ ಶಿಪ್ ಕಾಯುವುದಿಲ್ಲ, ಕಂಟೇನರ್ ಮುಂದಿನ ಹಡಗಿಗೆ ಉಳಿಯುತ್ತದೆ. ಕೆಂಪು ಸಮುದ್ರದ ದಾಳಿಗಳ ಕಾರಣ ಹಡಗುಗಳು ಆಫ್ರಿಕಾವನ್ನು ಸುತ್ತಿ ಸಾಗಿದ 2024ರಲ್ಲಿ ಕೊಲಂಬೊದಲ್ಲಿ ದಟ್ಟಣೆ ಹೆಚ್ಚಿತ್ತು. ರಫ್ತುದಾರರು ಹಡಗು ಕಂಪನಿಯ ತಾಣದಲ್ಲಿ ಕಂಟೇನರ್ ಸಂಖ್ಯೆ ನಮೂದಿಸಿದರೆ ವಿಳಂಬದ ಸುಳಿವು ಸಿಗುತ್ತದೆ: ಕೇಂದ್ರ ಬಂದರಿನಲ್ಲಿ 'ಇಳಿಸಲಾಗಿದೆ' ಎಂದು ತೋರಿಸಿದ ಬಳಿಕ, ಗೊತ್ತುಪಡಿಸಿದ ಹಡಗು ಹೊರಟರೂ 'ಏರಿಸಲಾಗಿದೆ' ಎಂದು ಬಾರದಿದ್ದರೆ ಸರಕು ಅಲ್ಲಿಯೇ ಉಳಿದಿದೆ ಎಂದರ್ಥ. ಖರೀದಿದಾರನಿಗೆ ಆಗಲೇ ತಿಳಿಸುವುದು ಒಳಿತು. ಬೀಜ ತಡವಾಗಿ ತಲುಪಿದ ಮೇಲೆ ದರದ ಮಾತುಕತೆಯಲ್ಲಿ ನಷ್ಟ ಹಾಸನದವರದೇ.