ತಲೆಕೆಳಗಾದದ್ದು ಯಾವ ಭಿನ್ನರಾಶಿ?

ಭಿನ್ನರಾಶಿಗಳ ಗುಣಾಕಾರ, ಭಾಗಾಕಾರದ ಅಭ್ಯಾಸ ಹಾಳೆಯನ್ನು ತಿದ್ದುವಾಗ ಎಷ್ಟು ಸರಿ, ಎಷ್ಟು ತಪ್ಪು ಎಂದು ಎಣಿಸುವುದು ಸುಲಭ. ಆದರೆ ಮಗು ಎಲ್ಲಿ ಎಡವಿತು ಎಂಬುದು ಆ ಎಣಿಕೆಯಿಂದ ಗೊತ್ತಾಗುವುದಿಲ್ಲ. ಅದು ಗೊತ್ತಾಗಬೇಕಾದರೆ ಲೆಕ್ಕಕ್ಕೆ ಸಂಖ್ಯೆಗಳನ್ನು ಆರಿಸುವಾಗಲೇ ಯೋಚಿಸಬೇಕು. ಪ್ರತಿ ತಪ್ಪು ದಾರಿಗೂ ಬೇರೆಯದೇ ಉತ್ತರ ಬರುವಂತಿರಬೇಕು.

3/4 ÷ 3/4 ಎಂಬ ಲೆಕ್ಕವನ್ನೇ ನೋಡಿ. ನಿಯಮದಂತೆ ಎರಡನೆಯದನ್ನು, ಅಂದರೆ ಭಾಜಕವನ್ನು, ತಿರುಗಿಸಿ ಗುಣಿಸಿದರೆ ಉತ್ತರ 1. ತಪ್ಪಿ ಮೊದಲನೆಯದನ್ನು ತಿರುಗಿಸಿದರೂ 1 ಬರುತ್ತದೆ. ಇಬ್ಬರು ಮಕ್ಕಳಿಗೂ ಸರಿ ಗುರುತು ಬೀಳುತ್ತದೆ, ಒಬ್ಬನ ತಪ್ಪು ಅಲ್ಲೇ ಉಳಿಯುತ್ತದೆ.

ಒಂದೇ ಲೆಕ್ಕ, ಐದು ಉತ್ತರ

ಅದರ ಬದಲು 4/9 ÷ 3/8 ಕೊಡೋಣ. ಸರಿಯಾದ ದಾರಿ 4/9 × 8/3, ಉತ್ತರ 32/27. ಮೊದಲನೆಯದನ್ನು ತಿರುಗಿಸಿದವರು 9/4 × 3/8 ಮಾಡಿ 27/32 ಬರೆಯುತ್ತಾರೆ. ಎರಡನ್ನೂ ತಿರುಗಿಸಿದವರಿಗೆ 6 ಬರುತ್ತದೆ. ಯಾವುದನ್ನೂ ತಿರುಗಿಸದೆ ಗುಣಿಸಿದವರಿಗೆ 1/6. ಇನ್ನು ಕೆಲವರು ÷ ಚಿಹ್ನೆ ಇರುವಾಗಲೇ ಓರೆಯಾಗಿ 4ನ್ನು 8ರೊಂದಿಗೆ, 9ನ್ನು 3ರೊಂದಿಗೆ ಹೊಡೆದುಹಾಕುತ್ತಾರೆ. ಆಗ ಉಳಿಯುವುದು 1/3 ÷ 1/2, ಉತ್ತರ 2/3. ಐದು ದಾರಿ, ಐದು ಉತ್ತರ. ಉತ್ತರ ನೋಡಿದರೆ ಮಗು ಯಾವ ದಾರಿ ಹಿಡಿದಿರಬಹುದು ಎಂದು ತಿಳಿಯುತ್ತದೆ.

ಸರಿಯಾದ ದಾರಿಯಲ್ಲಿ ಇಲ್ಲಿ ಹೊಡೆದುಹಾಕಲು ಏನೂ ಇಲ್ಲ ಎಂಬುದನ್ನೂ ಗಮನಿಸಿ. ಭಾಜಕ ತಿರುಗಿದ ಮೇಲೆ 4 ಮತ್ತು 8 ಎರಡೂ ಮೇಲೆ, 9 ಮತ್ತು 3 ಎರಡೂ ಕೆಳಗೆ ಬಂದುಬಿಡುತ್ತವೆ. ಎದುರಿಗೆ ಕಂಡದ್ದನ್ನೆಲ್ಲ ಹೊಡೆಯುವ ಅಭ್ಯಾಸವಿರುವ ಮಗು ಇಲ್ಲಿ ಸಿಕ್ಕಿಬೀಳುತ್ತದೆ.

27/32 ಎಂಬುದು 32/27ರ ವ್ಯುತ್ಕ್ರಮ. ಮೊದಲನೆಯದನ್ನು ಮಾತ್ರ ತಿರುಗಿಸಿದಾಗಲೆಲ್ಲ ಸರಿಯುತ್ತರವೇ ತಲೆಕೆಳಗಾಗಿ ಬರುತ್ತದೆ. 6 ÷ 2/3 ಲೆಕ್ಕದಲ್ಲಿ 6ನ್ನು 1/6 ಮಾಡಿದವರಿಗೆ 9ರ ಬದಲು 1/9 ಬರುತ್ತದೆ. ಆರು ಮೀಟರ್ ಹಗ್ಗದಲ್ಲಿ 2/3 ಮೀಟರಿನ ತುಂಡುಗಳು ಎಷ್ಟು ಎಂದು ಕೇಳಿದರೆ, ಒಂದು ತುಂಡೂ ಪೂರ್ತಿ ಸಿಗದ ಈ ಉತ್ತರ ಸರಿಯಲ್ಲವೆಂದು ಮಗುವೇ ಹೇಳುತ್ತದೆ.

ಮೇಲೆ ಮೇಲೆ ಹೊಡೆದರೆ

ಗುಣಾಕಾರದಲ್ಲಿ 6/7 × 9/10 ಒಳ್ಳೆಯ ಲೆಕ್ಕ. ಮೇಲಿನ 6ನ್ನೂ ಕೆಳಗಿನ 10ನ್ನೂ 2ರಿಂದ ಭಾಗಿಸಿದರೆ 3/7 × 9/5, ಉತ್ತರ 27/35. ಆದರೆ 6 ಮತ್ತು 9 ಎರಡೂ 3ರಿಂದ ಭಾಗವಾಗುತ್ತವೆ ಎಂಬುದೇ ಮೊದಲು ಕಣ್ಣಿಗೆ ಬಿದ್ದ ಮಗು ಎರಡು ಅಂಶಗಳನ್ನೇ ಹೊಡೆದು 2/7 × 3/10 ಮಾಡುತ್ತದೆ, 3/35 ಬರುತ್ತದೆ. ಇದು ಸರಿಯುತ್ತರದ ಒಂಬತ್ತನೇ ಒಂದು ಭಾಗ. ಅಂಶವನ್ನೂ ಛೇದವನ್ನೂ ಒಂದೇ ಸಂಖ್ಯೆಯಿಂದ ಭಾಗಿಸಿದರೆ ಬೆಲೆ ಬದಲಾಗದು. ಈ ಮಗು ಮೇಲೆಯೇ ಎರಡು ಸಲ 3ರಿಂದ ಭಾಗಿಸಿದೆ, ಕೆಳಗೆ ಮುಟ್ಟಿಲ್ಲ.

ಭಾಗಾಕಾರದಲ್ಲಿ ತಿರುಗಿಸುವುದು ಮೊದಲೋ ಹೊಡೆಯುವುದು ಮೊದಲೋ ಎಂಬ ಕ್ರಮವನ್ನು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು 9ನೇ ಶತಮಾನದಲ್ಲೇ 'ಗಣಿತಸಾರಸಂಗ್ರಹ'ದಲ್ಲಿ ಹೇಳಿದ್ದಾರೆ. ಓರೆಯಾಗಿ ಸಂಕ್ಷೇಪಿಸುವ 'ವಜ್ರಾಪವರ್ತನ' ಅಲ್ಲಿ ಗುಣಾಕಾರದ ನಿಯಮದಲ್ಲಿ ಬರುತ್ತದೆ. ಭಾಗಾಕಾರಕ್ಕೆ ಮೊದಲು ಭಾಜಕದ ಅಂಶ ಛೇದಗಳನ್ನು ಅದಲುಬದಲು ಮಾಡಬೇಕು, ಆಮೇಲೆ ಗುಣಾಕಾರದಂತೆಯೇ ನಡೆಯಬೇಕು.

ಹಾಳೆಯಲ್ಲಿ ಏನಿರಬೇಕು

ಪ್ರತಿ ಲೆಕ್ಕದ ಪಕ್ಕದಲ್ಲಿ 'ಉತ್ತರ 1ಕ್ಕಿಂತ ಹೆಚ್ಚೋ ಕಡಿಮೆಯೋ?' ಎಂಬ ಪ್ರಶ್ನೆ ಇರಲಿ. 4/9 ಅರ್ಧಕ್ಕಿಂತ ಸ್ವಲ್ಪ ಕಡಿಮೆ, 3/8 ಅದಕ್ಕಿಂತಲೂ ಕಡಿಮೆ. ಹಾಗಾದರೆ ಉತ್ತರ 1ಕ್ಕಿಂತ ಹೆಚ್ಚಿರಲೇಬೇಕು. 27/32, 1/6, 2/3 ಮೂರೂ ಇಲ್ಲೇ ಬಿದ್ದುಹೋಗುತ್ತವೆ. 6 ಉಳಿದರೂ, ಅಷ್ಟು ಹತ್ತಿರದ ಎರಡು ಭಿನ್ನರಾಶಿಗಳಲ್ಲಿ ಒಂದರೊಳಗೆ ಇನ್ನೊಂದು ಆರು ಸಲ ಹಿಡಿಸದು. ÷ ಅನ್ನು × ಮಾಡಿ ಬರೆಯಲು ಒಂದು ಖಾಲಿ ಸಾಲು ಬಿಡಿ. ಆ ಸಾಲಿಗಿಂತ ಮೇಲೆ ಯಾವ ಸಂಖ್ಯೆಯನ್ನೂ ಹೊಡೆಯುವಂತಿಲ್ಲ.

ತಿರುಗಿಸುವುದು ಏಕೆ ಎಂದು ಕೇಳುವ ಮಗುವಿಗೆ ಸಮಛೇದದಿಂದ ತೋರಿಸಬಹುದು. 4/9 ಎಂದರೆ 32/72, 3/8 ಎಂದರೆ 27/72. ಎಪ್ಪತ್ತೆರಡನೇ ಭಾಗಗಳು 32 ಇಲ್ಲಿ, 27 ಅಲ್ಲಿ. 32ನ್ನು 27ರಿಂದ ಭಾಗಿಸಿದರೆ 32/27. ಏನನ್ನೂ ತಿರುಗಿಸದೆ ಅದೇ ಉತ್ತರ ಬಂತು.

ಒಂದು ಎಚ್ಚರಿಕೆ. ಮಗ್ಗಿ ತಪ್ಪಿದ್ದರಿಂದಲೂ ಅಕಸ್ಮಾತ್ ಇಂಥ ಉತ್ತರ ಬರಬಹುದು. ಹಾಗಾಗಿ ಒಂದೇ ಬಗೆಯ ತಪ್ಪನ್ನು ಹಿಡಿಯಲು ಕನಿಷ್ಠ ಎರಡು ಲೆಕ್ಕ ಬೇಕು. ಎರಡರಲ್ಲೂ ಅದೇ ತಪ್ಪು ಕಂಡರೆ ಮಗುವನ್ನು ಹತ್ತಿರ ಕರೆದು, ಲೆಕ್ಕವನ್ನು ಬಾಯಿಬಿಟ್ಟು ಹೇಳುತ್ತಾ ಮಾಡಿಸಿ. 27/32 ಬರೆದವರಿಗೆ ಭಾಜಕ ಯಾವುದೆಂದು ಗುರುತಿಸುವುದನ್ನು ಕಲಿಸಬೇಕು. 2/3 ಬರೆದವರಿಗೆ ಭಾಜಕ ಗೊತ್ತಿದೆ. ಹೊಡೆಯುವುದು ಯಾವ ಹಂತದಲ್ಲಿ ಎಂಬುದಷ್ಟೇ ಅವರಿಗೆ ಗೊತ್ತಾಗಬೇಕು.